ಅಜ್ಞಾನಿ ಸೃಷ್ಟಿಕರ್ತನ ಕಥೆ

ಈಜಿಪ್ಟಿನ ನಾಗ್ ಹಮ್ಮಾದಿ ಪಟ್ಟಣದ ಹತ್ತಿರ, 1945ರಲ್ಲಿ, ಹೊಲದ ಗೊಬ್ಬರಕ್ಕೆಂದು ಮಣ್ಣು ಅಗೆಯಲು ಹೋದ ರೈತರಿಗೆ ಬಾಯಿ ಮುಚ್ಚಿದ ಜಾಡಿಯೊಂದು ಸಿಕ್ಕಿತು. ಅದರೊಳಗೆ ತೊಗಲಿನ ಹೊದಿಕೆಯ ಪಪೈರಸ್ ಪುಸ್ತಕಗಳಿದ್ದವು. ಕ್ರಿ.ಶ. 4ನೇ ಶತಮಾನದಲ್ಲಿ ಕಾಪ್ಟಿಕ್ ಭಾಷೆಯಲ್ಲಿ ನಕಲು ಮಾಡಿದ ಈ ಪುಸ್ತಕಗಳೀಗ ಕೈರೋದ ಕಾಪ್ಟಿಕ್ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿಯವರೆಗೆ ನಾಸ್ಟಿಕರ ವಿಚಾರಗಳು ಬಹುಮಟ್ಟಿಗೆ ಅವರನ್ನು ಖಂಡಿಸಿದ ಕ್ರೈಸ್ತ ಗುರುಗಳ ಬರಹಗಳಿಂದಲೇ ತಿಳಿಯಬೇಕಿತ್ತು. ಈಗ ಅವರ ಮಾತು ಅವರದೇ ಗ್ರಂಥಗಳಲ್ಲಿ ಹೇರಳವಾಗಿ ಸಿಕ್ಕಿತು.

ಆ ಪುಸ್ತಕಗಳಲ್ಲಿ ಮೂರರಲ್ಲಿ ಒಂದೇ ಕೃತಿ ಇದೆ: ‘ಯೋಹಾನನ ರಹಸ್ಯ ಗ್ರಂಥ’. ಅದರ ನಾಲ್ಕನೆಯ ಪ್ರತಿ ಬರ್ಲಿನ್‌ನಲ್ಲಿದೆ. ಲೋಕದಲ್ಲಿ ಇಷ್ಟೊಂದು ನೋವು, ಕೇಡು ಏಕೆ ಎಂಬ ಪ್ರಶ್ನೆಗೆ ನಾಸ್ಟಿಕರು ಕೊಟ್ಟ ಉತ್ತರ ಈ ಕಥೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಎಲ್ಲಕ್ಕೂ ಮೇಲೆ ಒಬ್ಬ ಪರಮಾತ್ಮನಿದ್ದಾನೆ. ಹೆಸರಿಗೆ, ವರ್ಣನೆಗೆ ನಿಲುಕದ ಬೆಳಕು ಅವನು. ಅವನಿಂದ ಹೊಮ್ಮಿದ ದಿವ್ಯಶಕ್ತಿಗಳ ಲೋಕ ತುಂಬು ಪೂರ್ಣವಾಗಿದೆ. ಆ ಶಕ್ತಿಗಳಲ್ಲಿ ಕೊನೆಯವಳು ಸೋಫಿಯಾ, ಅಂದರೆ ವಿವೇಕ. ಪರಮಾತ್ಮನ ಒಪ್ಪಿಗೆಯಿಲ್ಲದೆ, ಜೊತೆಗಾರನನ್ನೂ ಬಿಟ್ಟು, ತಾನೊಬ್ಬಳೇ ಏನನ್ನಾದರೂ ಹುಟ್ಟಿಸಬೇಕೆಂದು ಅವಳು ಬಯಸುತ್ತಾಳೆ. ಹುಟ್ಟಿದ್ದು ಸಿಂಹದ ಮುಖ, ಹಾವಿನ ಮೈಯ ವಿಕಾರ ಜೀವಿ. ಹೆಸರು ಯಾಲ್ದಬಾವೋತ್. ನಾಚಿದ ತಾಯಿ ಅವನನ್ನು ಯಾರ ಕಣ್ಣಿಗೂ ಬೀಳದಂತೆ ಮೋಡದಲ್ಲಿ ಮರೆಮಾಡುತ್ತಾಳೆ.

ತಾಯಿಯ ಬೆಳಕಿನಲ್ಲಿ ಒಂದಿಷ್ಟು ಅವನಿಗೆ ಬಂದಿದೆ. ಆದರೆ ಮೇಲೊಂದು ಲೋಕವಿದೆಯೆಂಬುದೇ ಅವನಿಗೆ ಗೊತ್ತಿಲ್ಲ. ತನ್ನ ಆಳುಗಳಾಗಿ ಅಧಿಪತಿಗಳನ್ನು ಸೃಷ್ಟಿಸಿ, ನಮ್ಮ ಲೋಕವನ್ನು ಕಟ್ಟಿ, ತನ್ನ ಹೊರತು ಬೇರೆ ದೇವರಿಲ್ಲ, ತಾನು ಅಸೂಯೆಯುಳ್ಳವನು ಎಂದು ಸಾರುತ್ತಾನೆ. ಗ್ರಂಥ ಇಲ್ಲಿ ಚುರುಕಾದ ಪ್ರಶ್ನೆ ಎತ್ತುತ್ತದೆ: ಬೇರೊಬ್ಬ ಇಲ್ಲದಿದ್ದರೆ ಅಸೂಯೆ ಯಾರ ಮೇಲೆ? ಹೀಬ್ರೂ ಬೈಬಲಿನ ಸೃಷ್ಟಿಕರ್ತನನ್ನೇ ನಾಸ್ಟಿಕರು ಹೀಗೆ ತಿರುಗಿಸಿ ಓದಿದರು. ಚರ್ಚು ಅವರ ಮೇಲೆ ಮುನಿಯಲು ಮುಖ್ಯ ಕಾರಣವೇ ಇದು.

ಮುಂದೆ ಅಧಿಪತಿಗಳು ಸೇರಿ ಆದಾಮನ ಮೈಯನ್ನು ಅಂಗ ಅಂಗವಾಗಿ ರೂಪಿಸುತ್ತಾರೆ. ಆದರೆ ಅದು ಅಲುಗಾಡುವುದಿಲ್ಲ. ಮೇಲಿನವರು ಯಾಲ್ದಬಾವೋತ್‌ನನ್ನು ಮರುಳುಗೊಳಿಸಿ, ಆ ಮುಖಕ್ಕೆ ಉಸಿರೂದುವಂತೆ ಮಾಡುತ್ತಾರೆ. ಊದಿದ ಕೂಡಲೇ ಅವನಲ್ಲಿದ್ದ ತಾಯಿಯ ಬೆಳಕು ಮನುಷ್ಯನೊಳಗೆ ಹೋಗುತ್ತದೆ. ತಮಗಿಂತ ಆದಾಮನೇ ಬುದ್ಧಿವಂತನೆಂದು ಕಂಡ ಅಧಿಪತಿಗಳು ಹೊಟ್ಟೆಕಿಚ್ಚಿನಿಂದ ಅವನನ್ನು ಜಡದ ಆಳಕ್ಕೆ ತಳ್ಳುತ್ತಾರೆ, ಮಣ್ಣಿನ ಮೈಯಲ್ಲಿ ಬಿಗಿದು ಮರೆವನ್ನು ತುಂಬುತ್ತಾರೆ. ಏದೆನ್ ತೋಟದಲ್ಲಿ ನಿಷೇಧಿತ ಹಣ್ಣನ್ನು ತಿನ್ನುವುದು ಈ ಕಥೆಯಲ್ಲಿ ಪಾಪವಲ್ಲ, ಎಚ್ಚರದ ಮೊದಲ ಹೆಜ್ಜೆ. ತಿನ್ನಿಸಿದವನು ತಾನೇ ಎಂದು ಕ್ರಿಸ್ತನೇ ಯೋಹಾನನಿಗೆ ಹೇಳುತ್ತಾನೆ.

ಹಾಗಾಗಿ ಇವರ ಗುಪ್ತಜ್ಞಾನವೆಂದರೆ ಮಂತ್ರ ತಂತ್ರದ ಗುಟ್ಟಷ್ಟೇ ಅಲ್ಲ. ನಾನು ಎಲ್ಲಿಂದ ಬಂದೆ, ಇಲ್ಲಿ ಹೇಗೆ ಸಿಕ್ಕಿಕೊಂಡೆ, ಎಲ್ಲಿಗೆ ಮರಳಬೇಕು ಎಂಬ ಅರಿವು ಅದು. ಮನುಷ್ಯನ ಮೂಲ ತೊಂದರೆ ಪಾಪವಾದರೆ ಬೇಕಾದದ್ದು ಕ್ಷಮೆ. ಮರೆವಾದರೆ ಬೇಕಾದದ್ದು ನೆನಪು. ನಮ್ಮ ಓದುಗರಿಗೆ ಇಲ್ಲಿ ಅದ್ವೈತದ ಅವಿದ್ಯೆ ನೆನಪಾಗಬಹುದು. ಆದರೆ ಅದ್ವೈತದಲ್ಲಿ ಜೀವಿಗಳನ್ನು ಬೇಕೆಂದೇ ಕತ್ತಲಲ್ಲಿಡುವ ದುಷ್ಟ ಸೃಷ್ಟಿಕರ್ತನಿಲ್ಲ. ಎರಡನ್ನೂ ಒಂದೇ ಎನ್ನಲಾಗದು.

ನಾಸ್ಟಿಕರೆಲ್ಲ ಒಂದೇ ಪಂಥದವರೂ ಅಲ್ಲ. 2ನೇ ಶತಮಾನದ ವಲೆಂಟಿನಸ್‌ನ ಅನುಯಾಯಿಗಳು ಸೃಷ್ಟಿಕರ್ತನನ್ನು ದುಷ್ಟನೆನ್ನದೆ, ತಿಳಿಯದವನು ಎಂದಷ್ಟೇ ಎಣಿಸಿದರು.

ಇವರನ್ನು ವಿರೋಧಿಸಿದವರು ಕ್ರೈಸ್ತರಷ್ಟೇ ಅಲ್ಲ. 3ನೇ ಶತಮಾನದಲ್ಲಿ ರೋಮಿನಲ್ಲಿ ಪಾಠ ಹೇಳುತ್ತಿದ್ದ ತತ್ವಜ್ಞಾನಿ ಪ್ಲೊಟೈನಸ್ ಇವರ ವಿರುದ್ಧವೇ ಒಂದು ಪ್ರಬಂಧ ಬರೆದ. ಈ ಲೋಕ ಮೇಲಿನ ಲೋಕದ ಸುಂದರ ಪ್ರತಿಬಿಂಬ, ಇದನ್ನು ಹಳಿಯುವುದರಿಂದ ಯಾರೂ ಒಳ್ಳೆಯವರಾಗುವುದಿಲ್ಲ ಎಂಬುದು ಅವನ ವಾದ. ಅವನ ಸುತ್ತಮುತ್ತಲಿದ್ದ ನಾಸ್ಟಿಕರು ಓದುತ್ತಿದ್ದ ಗ್ರಂಥಗಳ ಹೆಸರನ್ನು ಶಿಷ್ಯ ಪೋರ್ಫಿರಿ ಬರೆದಿಟ್ಟಿದ್ದ. ಅವುಗಳಲ್ಲಿ ‘ಜೊಸ್ಟ್ರಿಯಾನಸ್’, ‘ಅಲೋಜಿನಿಸ್’ ಎಂಬ ಹೆಸರಿನ ಕೃತಿಗಳು ನಾಗ್ ಹಮ್ಮಾದಿಯ ಜಾಡಿಯಲ್ಲೇ ದೊರೆತವು.

ಕೇಡಿನ ಹೊಣೆಯನ್ನು ಮನುಷ್ಯನ ತಲೆಯಿಂದ ಇಳಿಸಿದ್ದು ಈ ಕಥೆಯ ಧೈರ್ಯ. ಆದರೆ ಪೂರ್ಣವಾದ ಲೋಕದಲ್ಲಿದ್ದ ಸೋಫಿಯಾಳೇ ತಪ್ಪಿದ್ದು ಹೇಗೆ ಎಂದು ಕೇಳಿದರೆ ಪ್ರಶ್ನೆ ಮತ್ತೆ ಮೇಲಿನ ಲೋಕಕ್ಕೇ ಹೋಗಿ ನಿಲ್ಲುತ್ತದೆ. ಕೇಡು ಮೂಲದಲ್ಲಿ ಎಲ್ಲಿಂದ ಬಂತೆಂಬುದಕ್ಕೆ ನಾಸ್ಟಿಕರ ಉತ್ತರ ಪೂರ್ತಿಯಾದದ್ದಲ್ಲ.