ನಲ್ಲಿ ಸೋರುತ್ತಿದೆ, ಯಜಮಾನರಿಗೆ ತಿಳಿಸೋಣ

ಮಕ್ಕಳೇ, ವಯನಾಡು ಮಳೆಯ ನಾಡು. ಜೂನ್ ತಿಂಗಳಲ್ಲಿ ಆರಂಭವಾದ ಮಳೆ ಸೆಪ್ಟೆಂಬರ್‌ವರೆಗೂ ಬಿಟ್ಟು ಬಿಟ್ಟು ಸುರಿಯುತ್ತದೆ. ಕೇರಳದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಈ ಜಿಲ್ಲೆಯ ಲಕ್ಕಿಡಿಯೂ ಒಂದು. ಮಳೆಗಾಲದಲ್ಲಿ ಒಗೆದ ಬಟ್ಟೆ ಬೇಗ ಒಣಗುವುದಿಲ್ಲ. ಮನೆಯ ಗೋಡೆಗಳೂ ತೇವವಾಗಿರುತ್ತವೆ. ಅದೇ ಸಮಯದಲ್ಲಿ ಮನೆಯ ನಲ್ಲಿ ಸೋರಿ ಗೋಡೆ ಒದ್ದೆಯಾದರೆ, ಅದು ಮಳೆಯ ನೀರೋ ನಲ್ಲಿಯ ನೀರೋ ಎಂದು ತಿಳಿಯುವುದು ಹೇಗೆ? ಬಾಡಿಗೆ ಮನೆಯಾದರೆ, ದೂರದಲ್ಲಿರುವ ಯಜಮಾನರಿಗೆ ಅದನ್ನು ತಿಳಿಸುವುದು ಹೇಗೆ? ಒಂದು ಉದಾಹರಣೆಯ ಮೂಲಕ ನೋಡೋಣ.

ಸುಲ್ತಾನ್ ಬತ್ತೇರಿಯ ಒಂದು ಬಾಡಿಗೆ ಮನೆಯಲ್ಲಿ ಕನ್ನಡ ಮಾತನಾಡುವ ಒಂದು ಕುಟುಂಬವಿದೆ ಎಂದುಕೊಳ್ಳೋಣ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಮತ್ತು ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಇದ್ದಾರೆ. ಮನೆಯ ಯಜಮಾನರು ಇರುವುದು ಮೈಸೂರಿನಲ್ಲಿ. ಬತ್ತೇರಿಯಿಂದ ಮೈಸೂರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ದಾರಿ ಮುತ್ತಂಗ ಮತ್ತು ಬಂಡೀಪುರದ ಕಾಡುಗಳ ನಡುವೆ ಹೋಗುತ್ತದೆ. ಒಂದು ನಲ್ಲಿಯನ್ನು ನೋಡಲು ಯಜಮಾನರು ಅಷ್ಟು ದೂರದಿಂದ ಬರುವುದು ಸುಲಭವಲ್ಲ.

ಜುಲೈ ತಿಂಗಳ ಮೊದಲ ವಾರದಲ್ಲಿ ಅಡುಗೆಮನೆಯ ನಲ್ಲಿಯ ಕೆಳಗೆ ಗೋಡೆ ಒದ್ದೆಯಾಗಿರುವುದು ಕಂಡುಬಂತು. ಬಣ್ಣ ಉಬ್ಬಿ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಅಪ್ಪ ಆತುರದಲ್ಲಿ ಮೊಬೈಲಿನಿಂದ ಒಂದು ಸಂದೇಶ ಕಳುಹಿಸಿದರು. "ನಿಮ್ಮ ನಲ್ಲಿ ಹಾಳಾಗಿದೆ. ಗೋಡೆ ಎಲ್ಲಾ ಒದ್ದೆ. ಬೇಗ ಸರಿ ಮಾಡಿಸಿ" ಎಂದು ಬರೆದು, ಒಂದು ಚಿತ್ರವನ್ನೂ ಸೇರಿಸಿದರು. ಚಿತ್ರದಲ್ಲಿ ಕಪ್ಪಗಿನ ಒಂದು ಕಲೆ ಮಾತ್ರ ಕಾಣುತ್ತಿತ್ತು. ಅದು ಯಾವ ಕೋಣೆ, ಯಾವ ಗೋಡೆ ಎಂದು ತಿಳಿಯುವಂತಿರಲಿಲ್ಲ.

ಸಂಜೆ ಉತ್ತರ ಬಂತು. "ಮಳೆಗಾಲದಲ್ಲಿ ವಯನಾಡಿನಲ್ಲಿ ಯಾವ ಮನೆಯ ಗೋಡೆ ಒದ್ದೆಯಾಗುವುದಿಲ್ಲ? ಮಳೆ ನಿಲ್ಲಲಿ, ನೋಡೋಣ."

ಅಪ್ಪನಿಗೆ ಸಿಟ್ಟು ಬಂತು. ಆದರೆ ಅಮ್ಮ ಹೇಳಿದರು: "ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಇದು ಮಳೆಯ ನೀರಲ್ಲ ಎಂದು ನಮಗಾದರೂ ಖಚಿತವಾಗಿ ಗೊತ್ತಿದೆಯೇ? ಮೊದಲು ಅದನ್ನು ತಿಳಿದುಕೊಳ್ಳೋಣ."

ಅಜ್ಜಿ ಗೋಡೆಯನ್ನು ನೋಡಿ ತಮ್ಮ ಅನುಭವವನ್ನು ಹೇಳಿದರು. ಮಳೆಯ ನೀರು ಹೆಚ್ಚಾಗಿ ಹೊರಗೋಡೆಯಿಂದ, ಕಿಟಕಿಯ ಮೂಲೆಯಿಂದ ಅಥವಾ ಮೇಲಿನ ಛಾವಣಿಯಿಂದ ಇಳಿಯುತ್ತದೆ. ನೆಲದ ತೇವವಾದರೆ ಗೋಡೆಯ ಬುಡದಲ್ಲಿ ಉದ್ದಕ್ಕೂ ಕಾಣಿಸಿಕೊಂಡು ಮೇಲಕ್ಕೆ ಏರುತ್ತದೆ. ಪೈಪಿನ ನೀರಾದರೆ ನಲ್ಲಿಯ ಸುತ್ತ ಆರಂಭವಾಗಿ ಕೆಳಕ್ಕೂ ಅಕ್ಕಪಕ್ಕಕ್ಕೂ ಹರಡುತ್ತದೆ. ಇಲ್ಲಿ ಒದ್ದೆಯಾದದ್ದು ಅಡುಗೆಮನೆ ಮತ್ತು ಮಲಗುವ ಕೋಣೆಯ ನಡುವಿನ ಒಳಗೋಡೆ. ಅದಕ್ಕೆ ಮಳೆ ತಾಗುವುದಿಲ್ಲ. ಕಲೆಯೂ ನಲ್ಲಿಯ ಬುಡದಲ್ಲೇ ಇದೆ. ಆದ್ದರಿಂದ ನಲ್ಲಿಯ ಮೇಲೆ ಸಂಶಯ ಬಂತು. ಆದರೂ ಸಂಶಯ ಬೇರೆ, ಖಚಿತವಾಗಿ ತಿಳಿಯುವುದು ಬೇರೆ.

ಅವರು ಎರಡು ಪರೀಕ್ಷೆಗಳನ್ನು ಮಾಡಿದರು. ನಲ್ಲಿಯು ಗೋಡೆಯೊಳಗಿನ ಪೈಪಿಗೆ ಸೇರುವ ಜಾಗವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಅದರ ಸುತ್ತ ಒಣಗಿದ ಪತ್ರಿಕೆಯ ತುಂಡೊಂದನ್ನು ಸುತ್ತಿದರು. ನಲ್ಲಿಯನ್ನು ಮುಚ್ಚಿಯೇ ಇಟ್ಟರು. ಹತ್ತು ನಿಮಿಷಗಳಲ್ಲಿ ಪತ್ರಿಕೆ ಒದ್ದೆಯಾಯಿತು. ನಲ್ಲಿಯ ಬಾಯಿಯಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ನಲ್ಲಿಯ ಬಾಯಿಯಿಂದ ಹನಿ ಬಿದ್ದರೆ ಸಾಮಾನ್ಯವಾಗಿ ಒಳಗಿನ ವಾಷರ್ ಸವೆದಿರುತ್ತದೆ. ಆ ನೀರು ಪಾತ್ರೆ ತೊಳೆಯುವ ತೊಟ್ಟಿಗೆ ಬೀಳುವುದರಿಂದ ಗೋಡೆಗೆ ತೊಂದರೆಯಿಲ್ಲ. ಪೈಪು ಸೇರುವ ಜಾಗದಲ್ಲಿ ಸೋರಿದರೆ ನೀರು ಗೋಡೆಯೊಳಗೆ ಇಳಿಯುತ್ತದೆ. ಕಣ್ಣಿಗೆ ಕಾಣುವುದು ಸ್ವಲ್ಪ, ಕಾಣದೆ ಇಳಿಯುವುದು ಹೆಚ್ಚು.

ಎರಡನೆಯ ಪರೀಕ್ಷೆಗೆ ಬೇಕಾದದ್ದು ಒಂದು ಸೀಸದ ಕಡ್ಡಿ ಮಾತ್ರ. ಜುಲೈ 5ರಂದು ಹುಡುಗಿ ಕಲೆಯ ಅಂಚಿನ ಉದ್ದಕ್ಕೂ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದಳು. ಜುಲೈ 7ರಂದು ನೋಡಿದಾಗ ತೇವವು ಗೆರೆಯನ್ನು ದಾಟಿ 6 ಸೆಂಟಿಮೀಟರ್ ಮುಂದೆ ಹೋಗಿತ್ತು. ಆಗ ಎರಡನೆಯ ಗೆರೆ ಎಳೆದರು. ಅಪ್ಪ ಅಡುಗೆಮನೆಗೆ ಬರುವ ಪೈಪಿನ ವಾಲ್ವನ್ನು ಮುಚ್ಚಿದರು. ಅಂದಿನಿಂದ ಅಡುಗೆಗೆ ಬೇಕಾದ ನೀರನ್ನು ಬಚ್ಚಲುಮನೆಯಿಂದ ಬಕೆಟ್ಟಿನಲ್ಲಿ ತಂದರು. ಜುಲೈ 8ರಂದು ತೇವವು ಇನ್ನೂ 1 ಸೆಂಟಿಮೀಟರ್ ಹರಡಿತ್ತು. "ವಾಲ್ವ್ ಮುಚ್ಚಿದರೂ ಹರಡಿತಲ್ಲ!" ಎಂದು ಹುಡುಗಿ ನಿರಾಶಳಾದಳು. ಆದರೆ ಗೋಡೆಯೊಳಗೆ ಮೊದಲೇ ಸೇರಿದ್ದ ನೀರು ಸ್ವಲ್ಪ ಕಾಲ ಹರಡುತ್ತಲೇ ಇರುತ್ತದೆ. ಅದಕ್ಕಾಗಿ ಕಾಯಬೇಕು. ಅವಳು ಮೂರನೆಯ ಗೆರೆ ಎಳೆದಳು. ಜುಲೈ 10ರವರೆಗೆ ತೇವವು ಆ ಗೆರೆಯನ್ನು ದಾಟಲಿಲ್ಲ. ಆ ದಿನಗಳಲ್ಲೆಲ್ಲಾ ಹೊರಗೆ ಜೋರು ಮಳೆಯಿತ್ತು! ಮಳೆ ಸುರಿಯುತ್ತಿದ್ದರೂ ಕಲೆ ಬೆಳೆಯಲಿಲ್ಲ. ಪೈಪಿನ ನೀರು ನಿಂತಾಗ ಅದೂ ನಿಂತಿತು. ಯಜಮಾನರ ಪ್ರಶ್ನೆಗೆ ಉತ್ತರ ಸಿಕ್ಕಿತು.

ಈಗ ಚಿತ್ರಗಳನ್ನು ತೆಗೆಯುವ ಕೆಲಸ. ಮನೆಯನ್ನು ನೋಡದೆ ಕುಳಿತವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳಿಗೆ ಒಂದೊಂದು ಚಿತ್ರವೂ ಉತ್ತರ ಹೇಳಬೇಕು. ಮೊದಲ ಚಿತ್ರವನ್ನು ಬಾಗಿಲ ಬಳಿ ನಿಂತು ತೆಗೆದರು. ಅದರಲ್ಲಿ ಇಡೀ ಗೋಡೆ, ನಲ್ಲಿ ಮತ್ತು ಕಲೆ ಒಟ್ಟಿಗೆ ಕಂಡವು. ಇದು "ಎಲ್ಲಿ?" ಎಂಬ ಪ್ರಶ್ನೆಗೆ ಉತ್ತರ. ಎರಡನೆಯದು ನಲ್ಲಿಯ ಬುಡದ ಹತ್ತಿರದ ಚಿತ್ರ. ಇದು "ಏನು ಸೋರುತ್ತಿದೆ?" ಎಂಬುದಕ್ಕೆ. ಮೂರನೆಯ ಚಿತ್ರದಲ್ಲಿ ಕಲೆಯ ಪಕ್ಕ ಶಾಲೆಯ ಅಳತೆಪಟ್ಟಿಯನ್ನು ಹಿಡಿದರು. ಮೂರು ಗೆರೆಗಳೂ ದಿನಾಂಕಗಳೂ ಸ್ಪಷ್ಟವಾಗಿದ್ದವು. ಇದು "ಎಷ್ಟು? ಎಂದಿನಿಂದ?" ಎಂಬುದಕ್ಕೆ. ನಾಲ್ಕನೆಯದು ಗೋಡೆಯ ಇನ್ನೊಂದು ಬದಿ. ಮಲಗುವ ಕೋಣೆಯಲ್ಲೂ ಬಣ್ಣ ಉಬ್ಬಿದ್ದು ಅದರಲ್ಲಿ ಕಂಡಿತು.

ಮೊದಲಿಗೆ ಮೂರನೆಯ ಚಿತ್ರ ಸರಿಯಾಗಿ ಬರಲಿಲ್ಲ. ಮೊಬೈಲಿನ ಫ್ಲಾಶ್ ನೇರವಾಗಿ ಗೋಡೆಗೆ ಬಡಿದು, ಒದ್ದೆ ಜಾಗ ಬೆಳ್ಳಗೆ ಹೊಳೆದು ಕಲೆಯೇ ಕಾಣಲಿಲ್ಲ. ಫ್ಲಾಶನ್ನು ನಿಲ್ಲಿಸಿ, ಅಮ್ಮ ಪಕ್ಕದಿಂದ ಟಾರ್ಚಿನ ಬೆಳಕು ಬಿಟ್ಟರು. ಆಗ ಉಬ್ಬಿದ ಬಣ್ಣವೂ ತೇವದ ಅಂಚೂ ಎದ್ದು ಕಂಡವು. ಕಳುಹಿಸುವ ಮೊದಲು ಪ್ರತಿಯೊಂದು ಚಿತ್ರವನ್ನೂ ದೊಡ್ಡದು ಮಾಡಿ ನೋಡಿದರು. ಒಂದರಲ್ಲಿ ಹಗ್ಗದ ಮೇಲಿನ ಬಟ್ಟೆಗಳೂ ಗೋಡೆಗೆ ತೂಗುಹಾಕಿದ ಮನೆಯ ಕಾಗದಗಳೂ ಸೇರಿಕೊಂಡಿದ್ದವು. ಅವನ್ನು ಸರಿಸಿ ಮತ್ತೆ ತೆಗೆದರು.

ಆಮೇಲೆ ಎಲ್ಲರೂ ಕುಳಿತು ಸಂದೇಶ ಬರೆದರು. "ನಿಮ್ಮ ನಲ್ಲಿ ಹಾಳಾಗಿದೆ" ಎಂದರೆ ದೂರಿದಂತಾಗುತ್ತದೆ. "ಅಡುಗೆಮನೆಯ ನಲ್ಲಿ ಸೋರುತ್ತಿದೆ" ಎಂದರೆ ಸಂಗತಿಯನ್ನು ಹೇಳಿದಂತಾಗುತ್ತದೆ. "ಬೇಗ" ಎಂದರೆ ಯಾವಾಗ ಎಂದು ತಿಳಿಯುವುದಿಲ್ಲ. ಹೀಗೆ ಒಂದೊಂದೇ ಮಾತನ್ನು ತಿದ್ದಿ ಅವರು ಬರೆದ ಸಂದೇಶ ಇದು:

"ಸಾರ್, ನಮಸ್ಕಾರ. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇವೆ. ಬತ್ತೇರಿಯ ಮನೆಯಲ್ಲಿ ಅಡುಗೆಮನೆಯ ನಲ್ಲಿ ಗೋಡೆಗೆ ಸೇರುವಲ್ಲಿ ಸೋರುತ್ತಿದೆ. ಚಿತ್ರ 1 ಮತ್ತು 2 ನೋಡಿ. ಮಳೆಯ ತೇವವಿರಬಹುದು ಎಂದು ನೀವು ಹೇಳಿದ್ದರಿಂದ ನಾವೂ ಪರೀಕ್ಷಿಸಿ ನೋಡಿದೆವು. ಜುಲೈ 5ರಿಂದ 7ರವರೆಗೆ ಕಲೆ 6 ಸೆಂಟಿಮೀಟರ್ ಬೆಳೆದಿದೆ. 7ರಂದು ವಾಲ್ವ್ ಮುಚ್ಚಿದೆವು. ಮಳೆ ಇದ್ದರೂ 8ರ ನಂತರ ಕಲೆ ಬೆಳೆದಿಲ್ಲ (ಚಿತ್ರ 3). ಗೋಡೆಯ ಹಿಂಬದಿಯಲ್ಲೂ ಬಣ್ಣ ಉಬ್ಬಿದೆ (ಚಿತ್ರ 4). ವಾಲ್ವ್ ಮುಚ್ಚಿಯೇ ಇಟ್ಟಿದ್ದೇವೆ. ಇಲ್ಲಿಯ ಪ್ಲಂಬರನ್ನು ಕರೆಸಿ ಖರ್ಚು ಎಷ್ಟೆಂದು ನಿಮಗೆ ತಿಳಿಸಬಹುದೇ? ಅಥವಾ ತಾವೇ ಯಾರನ್ನಾದರೂ ಕಳುಹಿಸುವಿರಾ? ಶನಿವಾರ ನಾವು ಇಡೀ ದಿನ ಮನೆಯಲ್ಲಿರುತ್ತೇವೆ. ವಂದನೆಗಳು."

ಯಜಮಾನರನ್ನು ಕೇಳದೆ ದುರಸ್ತಿ ಮಾಡಿಸಿ, ಆ ಹಣವನ್ನು ಬಾಡಿಗೆಯಲ್ಲಿ ಮುರಿದುಕೊಂಡರೆ ಜಗಳಕ್ಕೆ ದಾರಿಯಾಗಬಹುದು. ಅದಕ್ಕೇ ಅವರು ಮೊದಲು ಕೇಳಿದರು. ಕೇಳಿದ್ದೂ ಒಂದೇ ವಿಷಯ. ಅದಕ್ಕೆ ಉತ್ತರ ಕೊಡುವುದು ಯಜಮಾನರಿಗೆ ಸುಲಭವಾಯಿತು. ಮರುದಿನ ಅವರು ಫೋನ್ ಮಾಡಿದರು. "ಗೆರೆ ಎಳೆದವರು ಯಾರು? ನನಗೆ ಎಲ್ಲವೂ ಕಣ್ಣೆದುರು ಕಂಡಂತಾಯಿತು. ಪ್ಲಂಬರನ್ನು ಕರೆಸಿ" ಎಂದರು.

ಶನಿವಾರ ಪ್ಲಂಬರ್ ಬಂದು ನಲ್ಲಿಯನ್ನು ಬಿಚ್ಚಿದರು. ತಿರುಪಿನ ಸುತ್ತ ನೀರು ತಡೆಯಲು ಹಾಕಿದ್ದ ತೆಳುವಾದ ಬಿಳಿ ಟೇಪು ಹರಿದಿತ್ತು. ಹೊಸ ಟೇಪು ಸುತ್ತಿ ನಲ್ಲಿಯನ್ನು ಬಿಗಿಯಾಗಿ ಕೂರಿಸಿದರು. "ಈಗಲೇ ಬಣ್ಣ ಬಳಿಯಬೇಡಿ. ಗೋಡೆ ಪೂರ್ತಿ ಒಣಗದೆ ಬಣ್ಣ ಹಚ್ಚಿದರೆ ಮತ್ತೆ ಏಳುತ್ತದೆ" ಎಂದು ಹೇಳಿ ಹೋದರು. ಮಳೆಗಾಲದಲ್ಲಿ ಗೋಡೆ ಒಣಗಲು ವಾರಗಳೇ ಬೇಕು. ಹುಡುಗಿಯ ಗೆರೆಗಳು ಅಲ್ಲಿಯವರೆಗೆ ಗೋಡೆಯ ಮೇಲೆಯೇ ಉಳಿದವು. ಕಲೆ ಮತ್ತೆ ಗೆರೆ ದಾಟಿದರೆ ತಕ್ಷಣ ತಿಳಿಯುತ್ತದೆಯಲ್ಲವೇ?

ಒಂದು ಎಚ್ಚರಿಕೆ: ತೇವವು ವಿದ್ಯುತ್ ಸ್ವಿಚ್ಚಿನ ಹತ್ತಿರ ಬಂದರೆ ಗೆರೆ ಎಳೆಯುತ್ತಾ, ಚಿತ್ರ ತೆಗೆಯುತ್ತಾ ಕಾಯಬಾರದು. ಗೋಡೆಯನ್ನೂ ಸ್ವಿಚ್ಚನ್ನೂ ಮುಟ್ಟದೆ ಕೂಡಲೇ ಹಿರಿಯರಿಗೆ ಹೇಳಬೇಕು. ಆಗ ಯಜಮಾನರಿಗೂ ಸಂದೇಶವಲ್ಲ, ಫೋನ್ ಮಾಡಬೇಕು.

ಅಭ್ಯಾಸ

1. ಅಪ್ಪನ ಮೊದಲ ಸಂದೇಶದಿಂದ ಯಜಮಾನರಿಗೆ ಯಾವ ವಿಷಯಗಳು ತಿಳಿಯಲಿಲ್ಲ?
2. ವಾಲ್ವ್ ಮುಚ್ಚಿದ ಮರುದಿನವೂ ಕಲೆ ಹರಡಿದ್ದು ಏಕೆ?
3. ನಾಲ್ಕು ಚಿತ್ರಗಳಲ್ಲಿ ಒಂದನ್ನು ಬಿಟ್ಟರೆ ಯಾವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ? ಚರ್ಚಿಸಿರಿ.
4. ನಿಮ್ಮ ಶಾಲೆಯ ನಲ್ಲಿಯೊಂದು ಸೋರುತ್ತಿದೆ ಎಂದು ಭಾವಿಸಿ, ಮುಖ್ಯೋಪಾಧ್ಯಾಯರಿಗೆ ಒಂದು ಸಂದೇಶ ಬರೆಯಿರಿ. ಜೊತೆಗೆ ಯಾವ ಯಾವ ಚಿತ್ರಗಳನ್ನು ಸೇರಿಸುವಿರಿ?