ಮೂರು ಅಳತೆ, ಒಂದು ಪರೀಕ್ಷೆ

ಕ, ಖ, ಗ ಎಂಬ ಮೂರು ಗುರುತುಕಲ್ಲುಗಳ ಎತ್ತರವನ್ನು ಸರ್ವೇಯರ್ ಕಂಡುಹಿಡಿಯಬೇಕಿದೆ ಎಂದುಕೊಳ್ಳೋಣ. ಲೆವೆಲ್ ಯಂತ್ರ ಯಾವ ಕಲ್ಲಿನ ಎತ್ತರವನ್ನೂ ನೇರವಾಗಿ ಹೇಳುವುದಿಲ್ಲ. ಎರಡು ಕಲ್ಲುಗಳ ನಡುವಿನ ವ್ಯತ್ಯಾಸವನ್ನಷ್ಟೇ ಕೊಡುತ್ತದೆ. ಕ ಕಲ್ಲಿಗಿಂತ ಖ 1.250 ಮೀಟರ್ ಮೇಲಿದೆ, ಖ ಕಲ್ಲಿಗಿಂತ ಗ 0.830 ಮೀಟರ್ ಮೇಲಿದೆ. ಬೇರೆ ದಾರಿಯಲ್ಲಿ ಕ ಕಲ್ಲಿನಿಂದಲೇ ಅಳೆದಾಗ ಗ 2.095 ಮೀಟರ್ ಮೇಲಿದೆ ಎಂದು ಬಂತು. ಈ ಮೂರನ್ನೂ ಒಟ್ಟಿಗೆ ಒಪ್ಪುವ ಎತ್ತರಗಳು ಇವೆಯೇ?

ಗಣಿತದಲ್ಲಿ ಈ ಪ್ರಶ್ನೆ Ax = b ಎಂಬ ರೂಪ ತಾಳುತ್ತದೆ. x ಎಂದರೆ ಗೊತ್ತಿಲ್ಲದ ಎತ್ತರಗಳು, b ಎಂದರೆ ಅಳತೆಗಳ ಪಟ್ಟಿ. A ಮ್ಯಾಟ್ರಿಕ್ಸ್‌ನ ಒಂದೊಂದು ಅಡ್ಡಸಾಲು ಒಂದೊಂದು ಅಳತೆಯದು:

```
      ಕ   ಖ   ಗ
    [-1   1   0]
A = [ 0  -1   1]
    [-1   0   1]
```

ಕಲ್ಲುಗಳಿಗೆ ಯಾವ ಎತ್ತರ ಕೊಟ್ಟರೂ Ax ಒಂದು ವ್ಯತ್ಯಾಸಗಳ ಪಟ್ಟಿಯನ್ನು ಕೊಡುತ್ತದೆ. ಹೀಗೆ ಸಿಗಬಹುದಾದ ಎಲ್ಲ ಪಟ್ಟಿಗಳೂ ಸೇರಿ A ಮ್ಯಾಟ್ರಿಕ್ಸ್‌ನ ಕಾಲಂ ಸ್ಪೇಸ್ ಆಗುತ್ತದೆ. ನಮ್ಮ b ಅದರೊಳಗಿದೆಯೇ ಎಂದು ತಿಳಿಯಲು ಎತ್ತರಗಳನ್ನು ಒಂದೊಂದಾಗಿ ಹಾಕಿ ನೋಡುತ್ತ ಕೂತರೆ ಅದಕ್ಕೆ ಕೊನೆಯೇ ಇಲ್ಲ. ಅದರ ಬದಲು ಅಡ್ಡಸಾಲುಗಳನ್ನು ನೋಡಬೇಕು.

ಮೊದಲ ಎರಡು ಸಾಲುಗಳನ್ನು ಕೂಡಿ ಮೂರನೆಯದನ್ನು ಕಳೆದರೆ ಉಳಿಯುವುದು ಬರೀ ಸೊನ್ನೆಗಳು. ಸಾಲುಗಳನ್ನು ಹೀಗೆ ಅಳಿಸಿಹಾಕುವ y = (1, 1, −1) ಎಂಬ ವೆಕ್ಟರ್ ಇರುವ ಜಾಗವೇ ಲೆಫ್ಟ್ ನಲ್ ಸ್ಪೇಸ್. ಎಡಬದಿ ಸೊನ್ನೆಯಾದಾಗ ಬಲಬದಿಯೂ ಸೊನ್ನೆಯಾಗಲೇಬೇಕು. ಆದ್ದರಿಂದ ಷರತ್ತು ಒಂದೇ: b₁ + b₂ − b₃ = 0. ನಮ್ಮ ಅಳತೆಗಳಲ್ಲಿ ಇದು 1.250 + 0.830 − 2.095 = −0.015. ಹದಿನೈದು ಮಿಲಿಮೀಟರ್ ವ್ಯತ್ಯಾಸ ಬಂದಿದೆ, ಅಂದರೆ ಈ ಮೂರು ಅಳತೆಗಳಿಗೆ ಹೊಂದುವ ಎತ್ತರಗಳೇ ಇಲ್ಲ.

ಷರತ್ತು ಈಡೇರಿದರೆ ಎತ್ತರಗಳು ಖಂಡಿತ ಸಿಗುತ್ತವೆಯೇ? ಸಿಗುತ್ತವೆ. ಕ ಕಲ್ಲಿಗೆ ಸೊನ್ನೆ, ಖ ಕಲ್ಲಿಗೆ b₁, ಗ ಕಲ್ಲಿಗೆ b₁ + b₂ ಎಂದು ಕೊಟ್ಟರೆ ಮೊದಲ ಎರಡು ಅಳತೆಗಳು ಹೊಂದುತ್ತವೆ, ಷರತ್ತಿನ ಬಲದಿಂದ ಮೂರನೆಯದೂ ತಾನಾಗಿ ಹೊಂದುತ್ತದೆ.

ತಪ್ಪು ಯಾವ ಅಳತೆಯದೆಂದು ಒಂದೇ ಸುತ್ತು ಹೇಳಲಾರದು. ಘ ಎಂಬ ನಾಲ್ಕನೇ ಕಲ್ಲು ನೆಟ್ಟು, ಗ–ಘ ಮತ್ತು ಕ–ಘ ನಡುವೆಯೂ ಅಳೆದರೆ ಅಳತೆಗಳು ಐದಾಗುತ್ತವೆ. ಮ್ಯಾಟ್ರಿಕ್ಸ್‌ನ ರ‍್ಯಾಂಕ್ 3. ಐದರಲ್ಲಿ ಮೂರು ಕಳೆದು ಷರತ್ತುಗಳು ಎರಡು, ಒಂದೊಂದು ಸುತ್ತಿಗೆ ಒಂದೊಂದು. ಎರಡೂ ಸುತ್ತುಗಳು ಅಷ್ಟೇ ಮಿಲಿಮೀಟರ್‌ನಿಂದ ತಪ್ಪಿದರೆ, ಎರಡಕ್ಕೂ ಸೇರಿದ ಕ–ಗ ಅಳತೆಯನ್ನೇ ಮೊದಲು ಮತ್ತೆ ಅಳೆಯಬೇಕು.

ಈ ಪರೀಕ್ಷೆಯ ಕಣ್ಣಿಗೆ ಬೀಳದ ತಪ್ಪುಗಳೂ ಇವೆ. ಅಳತೆಕೋಲಿನ ಗೆರೆಗಳೇ ಶೇಕಡಾ ಒಂದರಷ್ಟು ಹಿಗ್ಗಿದ್ದರೆ ಎಲ್ಲ ವ್ಯತ್ಯಾಸಗಳೂ ಒಂದೇ ಪ್ರಮಾಣದಲ್ಲಿ ಬದಲಾಗುತ್ತವೆ. ಆಗ b ಕಾಲಂ ಸ್ಪೇಸ್‌ನಿಂದ ಹೊರಗೆ ಹೋಗುವುದಿಲ್ಲ, ಷರತ್ತು ಸಲೀಸಾಗಿ ಈಡೇರುತ್ತದೆ, ಎತ್ತರಗಳು ಮಾತ್ರ ತಪ್ಪಾಗಿಯೇ ಉಳಿಯುತ್ತವೆ. ಹಾಗಾಗಿ ಸುತ್ತು ಸರಿಹೊಂದಿದರೂ ಕೋಲನ್ನು ಉಕ್ಕಿನ ಟೇಪಿಗೆ ಹಿಡಿದು ಬೇರೆಯಾಗಿಯೇ ನೋಡಬೇಕು.