ನೋಟಿಸ್ ಪೀರಿಯಡ್ ಎಷ್ಟು, ಬೈಔಟ್ ಆಗುತ್ತಾ? ಎಚ್‌ಆರ್ ಇಮೇಲ್‌ಗೆ ಹೀಗೆ ಉತ್ತರಿಸಿ

ಮುಂಬೈ: ಘಾಟ್ಕೋಪರ್‌ನಿಂದ ಅಂಧೇರಿ ಕಡೆ ಹೊರಟ ಮೆಟ್ರೋದಲ್ಲಿ ನಿಂತಿರುವಾಗಲೇ ಹೊಸ ಕಂಪನಿಯ ಎಚ್‌ಆರ್‌ನಿಂದ ಇಮೇಲ್ ಬರುತ್ತದೆ: 'ನಿಮ್ಮ ನೋಟಿಸ್ ಪೀರಿಯಡ್ ಎಷ್ಟು? ಬೈಔಟ್ ಸಾಧ್ಯವೇ?' ಅವಸರದಲ್ಲಿ '15 ದಿನದಲ್ಲಿ ಬರುತ್ತೇನೆ' ಎಂದು ಬರೆದರೆ ಮುಂದೆ ಹಣವೂ ಹೋಗಬಹುದು, ರಿಲೀವಿಂಗ್ ಲೆಟರ್ ಕೂಡ ಸಿಗದೇ ಇರಬಹುದು.

ಮೊದಲು ನೇಮಕಾತಿ ಪತ್ರ ನೋಡಿ

ನೋಟಿಸ್‌ನ ಬಾಕಿ ದಿನಗಳ ಸಂಬಳ ಕಟ್ಟಿ ಬೇಗ ಹೊರಬರುವುದೇ ಬೈಔಟ್. ಆದರೆ ಇದು ಎಲ್ಲರಿಗೂ ಇರುವ ಹಕ್ಕಲ್ಲ. 'ಎರಡೂ ಕಡೆಯವರು ನೋಟಿಸ್ ಬದಲು ಸಂಬಳ ಕೊಡಬಹುದು' ಎಂದಿದ್ದರೆ ದಾರಿ ಸುಲಭ. 'ಕಂಪನಿಯ ವಿವೇಚನೆಗೆ ಬಿಟ್ಟದ್ದು' ಎಂದಿದ್ದರೆ ಮ್ಯಾನೇಜರ್ ಒಪ್ಪಲೇಬೇಕು. ಲೆಕ್ಕ ಮೂಲ ವೇತನದ ಮೇಲೋ, ಒಟ್ಟು ಸಂಬಳದ ಮೇಲೋ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

ಒಂದು ಉದಾಹರಣೆ

ಒಬ್ಬರ ಒಟ್ಟು ಸಂಬಳ 80,000 ರೂ., ಮೂಲ ವೇತನ 40,000 ರೂ., ನೋಟಿಸ್ 60 ದಿನ ಎಂದುಕೊಳ್ಳಿ. ಜೂನ್ 1ಕ್ಕೆ ರಾಜೀನಾಮೆ ಕೊಟ್ಟರೆ, ಆ ದಿನವೂ ಸೇರಿ ನೋಟಿಸ್ ಜುಲೈ 30ಕ್ಕೆ ಮುಗಿಯುತ್ತದೆ. 30 ದಿನ ಬೈಔಟ್ ಆದರೆ ಜೂನ್ 30 ಕೊನೆಯ ದಿನ. ಕಟ್ಟಬೇಕಾದ್ದು ಮೂಲ ವೇತನದ ಲೆಕ್ಕದಲ್ಲಿ 40,000 ರೂ., ಒಟ್ಟು ಸಂಬಳದ ಲೆಕ್ಕದಲ್ಲಿ 80,000 ರೂ. ಇವರ ಉತ್ತರ ಇಷ್ಟಿದ್ದರೆ ಸಾಕು:

'ನಮಸ್ಕಾರ. ನೇಮಕಾತಿ ಪತ್ರದ ಪ್ರಕಾರ ನನ್ನ ನೋಟಿಸ್ ಅವಧಿ 60 ದಿನ. ಜೂನ್ 1ಕ್ಕೆ ರಾಜೀನಾಮೆ ಕೊಟ್ಟರೆ ಜುಲೈ 31ಕ್ಕೆ ಸೇರಬಹುದು. ಈಗಿನ ಕಂಪನಿ 30 ದಿನದ ಬೈಔಟ್‌ಗೆ ಒಪ್ಪಿದರೆ ಜುಲೈ 1ಕ್ಕೆ ಸೇರುವೆ. ಆ ಮೊತ್ತವನ್ನು ನಿಮ್ಮ ಕಂಪನಿ ಭರಿಸುವುದೇ ಎಂದು ದಯವಿಟ್ಟು ತಿಳಿಸಿ.'

ಖಚಿತ ದಿನಾಂಕ ಒಂದು, ಷರತ್ತಿನ ದಿನಾಂಕ ಇನ್ನೊಂದು, ಹಣದ ಪ್ರಶ್ನೆ ಒಂದು. ಮ್ಯಾನೇಜರ್ ಒಪ್ಪದಿದ್ದರೂ ಕೊಟ್ಟ ಮಾತು ತಪ್ಪಿದಂತಾಗುವುದಿಲ್ಲ.

ಎಡವುವುದು ಎಲ್ಲಿ?

ಹೊಸ ಕಂಪನಿ ಫೋನ್‌ನಲ್ಲಿ 'ನಾವೇ ಕೊಡುತ್ತೇವೆ' ಎಂದರೆ ಸಾಲದು, ಅದು ಆಫರ್ ಲೆಟರ್‌ನಲ್ಲಿ ಮೊತ್ತದ ಸಮೇತ ಇರಬೇಕು. ಹಣ ಸಾಮಾನ್ಯವಾಗಿ ಕೆಲಸಕ್ಕೆ ಸೇರಿದ ಮೇಲೆ, ಹಳೆ ಕಂಪನಿಯ ಅಂತಿಮ ಲೆಕ್ಕದ ಪತ್ರ ತೋರಿಸಿದ ನಂತರ ಬರುತ್ತದೆ. ಅಲ್ಲಿಯವರೆಗೆ ಹೊರೆ ನಿಮ್ಮದೇ. ನಿಗದಿತ ಅವಧಿಗೆ ಮುಂಚೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತೂ ಇರಬಹುದು.

ಹೀಗೆ ಬಂದ ಹಣ ಸಾಮಾನ್ಯವಾಗಿ ಸಂಬಳದ ಜೊತೆ ಸೇರಿ ತೆರಿಗೆಗೆ ಒಳಪಡುತ್ತದೆ. ಶೇ 20ರ ಹಂತದಲ್ಲಿರುವವರಿಗೆ 40,000 ರೂ.ಗೆ ಸೆಸ್ ಸೇರಿ 8,320 ರೂ. ಕಡಿತವಾಗಿ 31,680 ರೂ. ಕೈಗೆ ಬರುತ್ತದೆ. ಆದರೆ ನೋಟಿಸ್ ಹಣದ ಮೇಲೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. ಅಂತಿಮ ಲೆಕ್ಕದಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಪ್ರಶ್ನಿಸಿ.